ವಿಷಯ: ಅಮ್ಮನ ಬೈಪಾಸ್ ಸರ್ಜರಿ, ನಾಳೆಯಿಂದಲೇ ತುರ್ತು ರಜೆ ಬೇಕು

ಶೆಟ್ಟಿ ಸರ್, ನಮಸ್ಕಾರ.

ನಿನ್ನೆ ರಾತ್ರಿ ಊರಿನಿಂದ ತಂಗಿಯ ಫೋನ್ ಬಂತು. ಅಮ್ಮನಿಗೆ ಎದೆನೋವು ಬಂದು ಮಂಗಳೂರಿನ ಆಸ್ಪತ್ರೆಗೆ ಸೇರಿಸಿದ್ದಾರೆ. ಆಂಜಿಯೋಗ್ರಾಂನಲ್ಲಿ ಮೂರು ಬ್ಲಾಕ್ ಕಂಡಿದೆ. ಗುರುವಾರ ಬೆಳಿಗ್ಗೆ ಬೈಪಾಸ್ ಸರ್ಜರಿ. ಅಪ್ಪ ಇಲ್ಲ, ತಂಗಿ ಒಬ್ಬಳೇ ಓಡಾಡುತ್ತಿದ್ದಾಳೆ. ಒಳಗೆ ಕರೆದೊಯ್ಯುವ ಮೊದಲು ಅಮ್ಮ ನನ್ನ ಮುಖ ನೋಡಬೇಕು ಸರ್.

ನಾಳೆ, ಮಂಗಳವಾರದಿಂದ ಮೂರು ವಾರ ರಜೆ ಕೊಡಿ. ವಾರ್ಷಿಕ ರಜೆ 14 ದಿನ ಉಳಿದಿದೆ. ಮಿಕ್ಕ ದಿನಗಳಿಗೆ ಸಂಬಳ ಹಿಡಿದರೂ ಪರವಾಗಿಲ್ಲ. ನಾಳೆ ರಾತ್ರಿ ದುಬೈನಿಂದ ಮಂಗಳೂರಿಗೆ ನೇರ ವಿಮಾನದಲ್ಲಿ ಸೀಟಿದೆ. ನೀವು ಹೂಂ ಅಂದ ಕೂಡಲೇ ಟಿಕೆಟ್ ಮಾಡುತ್ತೇನೆ.

ಜೆಬೆಲ್ ಅಲಿ ಗೋದಾಮಿನ ಸ್ಟಾಕ್ ಲೆಕ್ಕ ಇವತ್ತೇ ಮುಗಿಸಿ ಪ್ರವೀಣನಿಗೆ ಒಪ್ಪಿಸುತ್ತೇನೆ. ಗುರುವಾರ ಬಿಟ್ಟು ಉಳಿದ ದಿನ ವಾಟ್ಸಾಪ್‌ನಲ್ಲಿ ಸಿಗುತ್ತೇನೆ. ಡಾಕ್ಟರ ಚೀಟಿ ಜೊತೆಗಿಟ್ಟಿದ್ದೇನೆ.

ಇಂತಿ,
ಹರೀಶ