ಪೊಟ್ಯಾಸಿಯಂ 6.1: ನಿಂಗೇಗೌಡರಿಗೆ ಮಾಡುವ ಫೋನ್

ಮಂಡ್ಯದ ನಮ್ಮ ಆಸ್ಪತ್ರೆಯ ಟ್ರಯಾಜ್ ಡೆಸ್ಕಿನಲ್ಲಿ ಮಧ್ಯಾಹ್ನದ ಪಾಳಿಗೆ ಕೂರುವವರಿಗೆ ಇದನ್ನು ಬರೆದಿದ್ದೇನೆ. ರೋಗಿ ನಿಂಗೇಗೌಡರು, 58 ವರ್ಷ, ಮದ್ದೂರು ಕಡೆಯ ಹಳ್ಳಿ. ಶುಗರ್, ಬಿ.ಪಿ. ಎರಡೂ ಇದೆ. ಟೆಲ್ಮಿಸಾರ್ಟಾನ್ ಮತ್ತು ಸ್ಪೈರೊನೊಲ್ಯಾಕ್ಟೋನ್ ತಗೊಳ್ಳುತ್ತಿದ್ದಾರೆ, ಎರಡೂ ರಾತ್ರಿ ಊಟ ಆದಮೇಲೆ. ಬೆಳಿಗ್ಗೆ 8ಕ್ಕೆ ರಕ್ತ ಕೊಟ್ಟು ಊರಿಗೆ ಹೋದರು. 2:50ಕ್ಕೆ ಲ್ಯಾಬಿನಿಂದ ಫೋನ್ ಬಂತು: ಪೊಟ್ಯಾಸಿಯಂ 6.1, ಕ್ರಿಯಾಟಿನಿನ್ 1.7. ಹೋದ ಸಲ ಕ್ರಿಯಾಟಿನಿನ್ 1.4 ಇತ್ತು.

ಡಾಕ್ಟರ್ ನೋಡಿದ್ದಾರೆ. ಅವರ ಆರ್ಡರ್: ಇವತ್ತೇ ಬರಲಿ, ಇ.ಸಿ.ಜಿ. ಮಾಡಿ, ರಕ್ತ ಮತ್ತೆ ತೆಗೀರಿ, ರಾತ್ರಿಯ ಆ ಎರಡು ಮಾತ್ರೆ ಕೊಡಬೇಡಿ. ಇದು ಕೇಸ್ ಶೀಟಿನಲ್ಲಿ ಬರೆದಾಗಿರಬೇಕು, ಎಮರ್ಜೆನ್ಸಿಗೆ ಹೇಳಿ ಆಗಿರಬೇಕು. ಆಮೇಲೆ ಫೋನ್. ಆ ಕಡೆಯಿಂದ "ಈಗೇನ್ ಮಾಡ್ಲಿ ಸಿಸ್ಟರ್" ಅಂತ ಕೇಳಿದಾಗ ನಾವು "ತಡೀರಿ, ಕೇಳಿ ಹೇಳ್ತೀನಿ" ಅಂದರೆ ಅವರ ಎದೆ ಧಸಕ್ ಅನ್ನುವುದು ಅಲ್ಲೇ. ಕಾರಿಡಾರಿನಲ್ಲಿ ನಿಂತು ಮಾತಾಡಬೇಡಿ. ಕೂತು ಮಾತಾಡಿ, ಹಿಂದೆ ಟ್ರಾಲಿ ಸದ್ದು ಬೇಡ.

ಮೊದಲ ಮಾತು ಹೀಗಿರಲಿ.

ನರ್ಸ್: ನಮಸ್ಕಾರ, ನಾನು ಮಂಡ್ಯ ಆಸ್ಪತ್ರೆಯಿಂದ ಸಿಸ್ಟರ್ ಸವಿತಾ ಮಾತಾಡ್ತಿರೋದು. ನಿಂಗೇಗೌಡ್ರಾ?

ಗೌಡರು: ಹೂಂ ಕಣಮ್ಮ, ನಾನೇ. ಏನಾಯ್ತು?

ನರ್ಸ್: ಬೆಳಿಗ್ಗೆ ರಕ್ತ ಕೊಟ್ಟು ಹೋದ್ರಲ್ವಾ, ಅದರ ವಿಷಯಕ್ಕೆ ಫೋನ್ ಮಾಡಿದೆ. ಸರಿಯಾದವರ ಹತ್ರಾನೇ ಮಾತಾಡ್ತಿದೀನಾ ಅಂತ ಗೊತ್ತಾಗ್ಬೇಕು, ನಿಮ್ಮ ವಯಸ್ಸು, ಊರು ಒಂದ್ಸಲ ಹೇಳಿ.

(ಅವರ ಬಾಯಿಂದಲೇ ಬರಬೇಕು. ನಾವೇ ಓದಿ "ಹೌದಾ" ಅಂತ ಕೇಳಿದರೆ ಯಾರಾದರೂ ಹೂಂ ಅಂದುಬಿಡುತ್ತಾರೆ. ಒಂದೇ ಹಳ್ಳಿಯಲ್ಲಿ ಅದೇ ಹೆಸರಿನವರು ಮೂರು ಜನ ಇರುತ್ತಾರೆ.)

ನರ್ಸ್: ಸರಿ ಗೌಡ್ರೆ. ಈಗ ಎಲ್ಲಿದೀರ? ಗಾಡಿ ಓಡಿಸ್ತಿಲ್ಲ ತಾನೆ? ಒಂದೈದು ನಿಮಿಷ ಕೂತ್ಕೊಂಡು ಮಾತಾಡೋಕಾಗುತ್ತಾ?

ಗೌಡರು: ಜಗಲಿ ಮೇಲೆ ಕೂತಿವ್ನಿ, ಹೇಳಿ.

ನರ್ಸ್: ನಿಮ್ಮ ರಕ್ತದಲ್ಲಿ ಪೊಟ್ಯಾಸಿಯಂ ಅಂತ ಒಂದು ಉಪ್ಪಿನಂಶ ಇರುತ್ತೆ. ಸಾಮಾನ್ಯವಾಗಿ 5ರ ಒಳಗಿರಬೇಕು, ನಿಮ್ಮದು 6.1 ಬಂದಿದೆ, ಅಂದ್ರೆ ಜಾಸ್ತಿ ಇದೆ. ಅದಕ್ಕೆ ಇವತ್ತೇ ಬಂದು ಇನ್ನೊಂದ್ಸಲ ರಕ್ತ ಕೊಟ್ಟು, ಹೃದಯದ ಪಟ್ಟಿ ತೆಗೆಸ್ಬೇಕು ಅಂತ ಡಾಕ್ಟರ್ ಹೇಳಿದಾರೆ. ನೀವು ಬರ್ತೀರಿ ಅಂತ ಇಲ್ಲಿ ಎಲ್ಲರಿಗೂ ಹೇಳಿಟ್ಟಿದೀವಿ.

ಇಲ್ಲಿ ನಿಲ್ಲಿಸಿ, ಅವರು ಮಾತಾಡುವ ತನಕ ಸುಮ್ನಿರಿ. ನಾಲ್ಕೈದು ಸೆಕೆಂಡ್ ಮೌನ ಇದ್ದರೂ ಪರವಾಗಿಲ್ಲ. ಆ ಮೌನಕ್ಕೆ ಹೆದರಿ ನಾವು ಒಂದೇ ಸಮ ಮಾತಾಡಿದರೆ ಅವರ ತಲೆಗೆ ಏನೂ ಹೋಗುವುದಿಲ್ಲ. "ಗಾಬರಿ ಆಗ್ಬೇಡಿ" ಅಂತ ಶುರು ಮಾಡಲೇಬೇಡಿ. ಆ ಮಾತು ಕಿವಿಗೆ ಬಿದ್ದ ಕೂಡಲೇ ಗಾಬರಿ ಶುರುವಾಗುತ್ತದೆ, ಎಷ್ಟು ಸಲ ನೋಡಿದ್ದೇನೆ. "ಏನಿಲ್ಲ, ಸುಮ್ನೆ ಬನ್ನಿ" ಅಂತಲೂ ಬೇಡ, ಅದು ಸುಳ್ಳು. ಏನಿಲ್ಲ ಅಂದರೆ ಗೌಡರು ಹಾಲು ಕರೆದು, ಡೇರಿಗೆ ಹಾಕಿ, ನಾಳೆ ಬರುತ್ತಾರೆ. ಏನು ಬಂದಿದೆ, ಈಗೇನು ಮಾಡಬೇಕು, ಎರಡೂ ಒಂದೇ ಉಸಿರಿನಲ್ಲಿ ಬಂದರೆ ಜನ ತಡಕೊಳ್ಳುತ್ತಾರೆ. ಮೊದಲನೆಯದು ಮಾತ್ರ ಹೇಳಿ ಬಿಟ್ಟರೆ ತಡಕೊಳ್ಳುವುದು ಕಷ್ಟ.

ಗೌಡರು: ಜಾಸ್ತಿ ಅಂದ್ರೆ... ಏನಾಯ್ತದೆ ಅದ್ರಿಂದ?

ನರ್ಸ್: ತುಂಬಾ ಜಾಸ್ತಿ ಆಗಿ ಹಾಗೇ ಬಿಟ್ರೆ ಹೃದಯದ ಬಡಿತ ಏರುಪೇರಾಗಬಹುದು. ಅದಕ್ಕೇ ನಾಳೆವರೆಗೂ ಕಾಯೋದು ಬೇಡ ಅಂತಿರೋದು. ಕೆಲವು ಸಲ ರಕ್ತ ತೆಗೆಯುವಾಗ ಕೈ ಬಿಗಿಯಾಗಿ ಕಟ್ಟಿದ್ರೆ, ಇಲ್ಲಾ ಟ್ಯೂಬ್ ಲ್ಯಾಬಿಗೆ ಹೋಗೋದು ತಡ ಆದ್ರೂ ಈ ನಂಬರ್ ಇದ್ದಿದ್ದಕ್ಕಿಂತ ಮೇಲೆ ತೋರಿಸುತ್ತೆ. ನಿಮಗೂ ಹಾಗೇ ಆಗಿದೆ ಅಂತ ಫೋನಲ್ಲಿ ಹೇಳೋಕಾಗಲ್ಲ. ಇನ್ನೊಂದ್ಸಲ ನೋಡಿದ್ರೆ ಗೊತ್ತಾಗುತ್ತೆ. ಈಗ ಕೆಲವು ಪ್ರಶ್ನೆ ಕೇಳ್ತೀನಿ, ಇದೆ ಇಲ್ಲ ಅಂತ ಹೇಳಿ ಸಾಕು. ಎದೆ ನೋವಿದೆಯಾ?

ಗೌಡರು: ಇಲ್ಲ.

ನರ್ಸ್: ಎದೆ ಡವಡವ ಅಂತಿದೆಯಾ? ಉಸಿರು ಕಟ್ಟಿದ ಹಾಗೆ? ತಲೆ ಸುತ್ತಿ ಬಿದ್ದಿದ್ದು ಏನಾದ್ರೂ?

ಗೌಡರು: ಇಲ್ಲಮ್ಮ.

ನರ್ಸ್: ಕೈಕಾಲು ಸೋತು ಹೋದ ಹಾಗೆ? ಎದ್ದು ನಿಲ್ಲೋಕೆ ಕಷ್ಟ ಆಗ್ತಿದೆಯಾ?

ಗೌಡರು: ಮಂಡಿ ನೋವು ಬುಟ್ರೆ ಬೇರೇನಿಲ್ಲ.

ನರ್ಸ್: ಒಂದೆರಡು ದಿನದಿಂದ ಉಚ್ಚೆ ಕಮ್ಮಿ ಆಗಿದೆಯಾ? ವಾಂತಿ, ಭೇದಿ?

(ಎದೆ ನೋವು, ಉಸಿರಾಟದ ತೊಂದರೆ, ತಲೆ ಸುತ್ತಿ ಬಿದ್ದಿದ್ದು, ಡವಡವ, ಕಾಲು ಎತ್ತಲಾಗದಷ್ಟು ಸೋಲು, ಇದರಲ್ಲಿ ಒಂದಕ್ಕೆ ಹೂಂ ಅಂದರೂ ಮುಂದಿನ ಪ್ರಶ್ನೆ ಬೇಡ. "ಗೌಡ್ರೆ, ನೀವು ಅಲ್ಲೇ ಕೂತಿರಿ, ನಡೀಬೇಡಿ. ಫೋನ್ ಮನೆಯವರ ಕೈಗೆ ಕೊಡಿ, ಇನ್ನೊಂದು ಫೋನಿಂದ 108ಕ್ಕೆ ಮಾಡಿಸೋಣ, ಆಂಬುಲೆನ್ಸ್ ಬರೋ ತನಕ ನಾನು ಲೈನಲ್ಲೇ ಇರ್ತೀನಿ." ದನಿ ಏರಿಸದೆ, ಇದೇ ಮಾತು. ಪಕ್ಕದಲ್ಲಿರುವ ಸಿಸ್ಟರ್‌ಗೆ ಸನ್ನೆ ಮಾಡಿ ಡಾಕ್ಟರನ್ನು ಕರೆಸಿ.)

ಮಂಡಿ ನೋವು ಅಂದರಲ್ಲ, ಅದನ್ನು ಬಿಡಬೇಡಿ.

ನರ್ಸ್: ಮಂಡಿ ನೋವಿಗೆ ಮೆಡಿಕಲ್ ಸ್ಟೋರಿಂದ ಮಾತ್ರೆ ತಗೊಂಡಿದೀರಾ?

ಗೌಡರು: ಅಂಗಡೀಲಿ ಕೊಟ್ಟಿದ್ದು ಒಂದು ವಾರದಿಂದ ನುಂಗ್ತಾ ಇವ್ನಿ. ಒಳ್ಳೇದು ಅಂದ್ರು.

ನರ್ಸ್: ನೋವಿನ ಮಾತ್ರೆ ಕೆಲವಕ್ಕೆ ಪೊಟ್ಯಾಸಿಯಂ ಏರಿಸೋ ಗುಣ ಇದೆ. ಇನ್ನು ತಗೋಬೇಡಿ, ಆ ಶೀಟು ತನ್ನಿ, ಡಾಕ್ಟರ್ ನೋಡ್ಲಿ. ಎಳನೀರು ಕುಡೀತೀರಾ?

ಗೌಡರು: ಈ ಬಿಸ್ಲಿಗೆ ದಿನಕ್ಕೆ ಎರಡು ಕೆಡವಿಸ್ಕೊಂಡು ಕುಡೀತೀನಿ. ಮನೆ ಮರದ್ದೇ.

ನರ್ಸ್: ಎಳನೀರಲ್ಲಿ ಪೊಟ್ಯಾಸಿಯಂ ಜಾಸ್ತಿ ಇರುತ್ತೆ ಗೌಡ್ರೆ. ಕಿಡ್ನಿ ಚೆನ್ನಾಗಿದ್ದವರಿಗೆ ಅದು ಉಚ್ಚೇಲಿ ಹೋಗ್ಬಿಡುತ್ತೆ. ನಿಮ್ಮ ಕಿಡ್ನಿಯ ನಂಬರ್ ಹೋದ ಸಲಕ್ಕಿಂತ ಸ್ವಲ್ಪ ಏರಿದೆ, ಬಿ.ಪಿ. ಮಾತ್ರೆಗಳೂ ಪೊಟ್ಯಾಸಿಯಂ ಅನ್ನ ಮೈಯೊಳಗೇ ಉಳಿಸುತ್ತವೆ. ಅದಕ್ಕೆ ಡಾಕ್ಟರ್ ನೋಡೋ ತನಕ ಎಳನೀರು ಬೇಡ. ಬಾಳೆಹಣ್ಣೂ ಬೇಡ.

ಗೌಡರು: ನಾನೇ ತಪ್ಪು ಮಾಡ್ಕಂಡ್ನಾ ಹಂಗಾದ್ರೆ?

ನರ್ಸ್: ಇಲ್ಲ, ನಿಮಗೆ ಇದನ್ನ ಯಾರೂ ಹೇಳಿರ್ಲಿಲ್ಲ. ಎಳನೀರು ಕುಡಿಯೋದು ತಪ್ಪಲ್ಲ.

ಈ ಉತ್ತರವನ್ನು ನುಂಗಬೇಡಿ, ಬಾಯಿಬಿಟ್ಟು ಹೇಳಿ. ಮನೆಯ ತೋಟದ ಎಳನೀರು ಕುಡಿದು ಹೀಗಾಯಿತು ಅಂತ ಒಬ್ಬ ಮನುಷ್ಯ ದಾರಿಯುದ್ದಕ್ಕೂ ಕೊರಗುತ್ತಾ ಬರಬಾರದು.

ಗೌಡರು: ಕಿಡ್ನಿ ಅಂದ್ರಲ್ಲ ಸಿಸ್ಟರ್... ಡಯಾಲಿಸಿಸ್ ಗಿಯಾಲಿಸಿಸ್ ಏನಾದ್ರೂ?

ನರ್ಸ್: ಡಾಕ್ಟರ್ ಆ ಮಾತು ಎತ್ತಿಲ್ಲ. ಅವರು ಹೇಳಿದ್ದು ಪಟ್ಟಿ, ರಕ್ತ, ಆ ಎರಡು ಮಾತ್ರೆ ನಿಲ್ಲಿಸೋದು, ಇಷ್ಟೇ. ಮುಂದಿನದು ಇವತ್ತಿನ ರಿಪೋರ್ಟ್ ನೋಡಿ ಅವರೇ ಕೂತು ಹೇಳ್ತಾರೆ. ನಾನು ಊಹೆ ಮಾಡಿ ಹೇಳೋದು ಬೇಡ. ಆ ಪ್ರಶ್ನೆ ಶೀಟಲ್ಲಿ ಬರ್ಕೊಂಡಿದೀನಿ, ನೀವೂ ಮರೀದೆ ಕೇಳಿ.

ಗೌಡರು: ಅಡ್ಮಿಟ್ ಮಾಡ್ಕತೀರಾ?

ನರ್ಸ್: ಮಾಡ್ಕೋಬಹುದು, ಮಾಡ್ಕೊಳ್ದೆ ಇರಬಹುದು, ರಿಪೋರ್ಟ್ ಮೇಲೆ ನಿಂತಿದೆ. ಒಂದು ಟವೆಲ್ಲು, ಒಂದು ಜೊತೆ ಬಟ್ಟೆ ಇಟ್ಕೊಂಡು ಬನ್ನಿ, ಬೇಕಾಗದಿದ್ರೆ ವಾಪಸ್ ತಗೊಂಡು ಹೋಗಿ.

ಗೌಡರು: ನಾಳೆ ಬೆಳಿಗ್ಗೆ ಮೊದಲ್ನೇ ಬಸ್ಸಿಗೆ ಬಂದ್ಬುಡ್ತೀನಿ ಬುಡಿ. ಹಸ ಕರೀಬೇಕು ಈಗ.

ಇಲ್ಲಿ ಮೆತ್ತಗಾಗಬೇಡಿ. ಹೆದರಿಸಲೂ ಬೇಡಿ. ಹಸುವಿನ ಮಾತನ್ನು ನೆಪ ಅಂದುಕೊಳ್ಳಬೇಡಿ, ಅವರ ಮನೆ ನಡೆಯುವುದೇ ಅದರಿಂದ.

ನರ್ಸ್: ಹಸು ಬಿಡೋಕಾಗಲ್ಲ, ನಿಜ. ಆದ್ರೆ ಇದಕ್ಕೆ ನಾಳೆ ಆಗಲ್ಲ ಗೌಡ್ರೆ. ನೀವು ಚೆನ್ನಾಗಿರುವಾಗಲೇ ಬಂದ್ರೆ ಕೆಲಸ ಸಲೀಸು. ಇವತ್ತೊಂದಿನ ಯಾರು ಕರೀತಾರೆ? ಮನೇಲಿ ಯಾರಿದಾರೆ?

ಗೌಡರು: ಮನೆಯವ್ಳು ಅವ್ಳೆ. ಮಗನೂ ಅವ್ನೆ, ತೋಟದಲ್ಲಿ.

ನರ್ಸ್: ಅಮ್ಮ ಹಸು ನೋಡ್ಕೊಳ್ಳಿ, ಮಗ ನಿಮ್ಮ ಜೊತೆ ಬರ್ಲಿ. ಒಬ್ಬರೇ ಬೈಕ್ ಓಡಿಸ್ಕೊಂಡು ಬರೋದು ಬೇಡ. ಮಧ್ಯಾಹ್ನ ಊಟ ಆಯ್ತಾ? ಈ ಪರೀಕ್ಷೆಗೆ ಖಾಲಿ ಹೊಟ್ಟೆ ಬೇಕಿಲ್ಲ, ಶುಗರ್ ಇರೋರು ಉಪವಾಸ ಬರಬೇಡಿ. ಈಗ 3:20. 4:30ರ ಒಳಗೆ ಬರೋಕಾಗುತ್ತಾ?

ಗೌಡರು: ಆಯ್ತದೆ.

ನರ್ಸ್: ಓ.ಪಿ.ಡಿ. ಕ್ಯೂಗೆ ನಿಲ್ಲಬೇಡಿ. ಹಿಂದಿನ ಗೇಟು, ಎಮರ್ಜೆನ್ಸಿ. ಹೆಸರು ಹೇಳಿ, "ಪೊಟ್ಯಾಸಿಯಂಗೆ ಕರೆದಿದ್ರು" ಅನ್ನಿ. ತಗೊಳ್ತಿರೋ ಮಾತ್ರೆ ಎಲ್ಲಾ ಒಂದು ಕವರಿಗೆ ಹಾಕ್ಕೊಂಡು ಬನ್ನಿ, ನಾಟಿ ಔಷಧಿ ಇದ್ರೆ ಅದೂ. ದಾರೀಲಿ ಎದೆ ನೋವು, ಉಸಿರು ಕಟ್ಟೋದು, ತಲೆ ಸುತ್ತು ಏನಾದ್ರೂ ಬಂದ್ರೆ ಗಾಡಿ ನಿಲ್ಲಿಸಿ 108ಕ್ಕೆ ಮಾಡಿ. ಜಾಸ್ತಿ ಹೇಳ್ಬಿಟ್ಟೆ. ನಾನು ಸರಿಯಾಗಿ ಹೇಳಿದೀನಾ ಅಂತ ನನಗೆ ಗೊತ್ತಾಗ್ಬೇಕು, ನೀವೊಂದ್ಸಲ ಹೇಳಿ, ಈಗ ಏನೇನು ಮಾಡ್ತೀರಿ?

ಗೌಡರು: ಮಗನ್ನ ಕರ್ಕಂಡು ನಾಲ್ಕೂವರೆ ಒಳಗೆ ಹಿಂದ್ಗಡೆ ಗೇಟಿಗೆ ಬರೋದು. ಮಾತ್ರೆ ಎಲ್ಲಾ ತರೋದು. ಎಳ್ನೀರು ಕುಡಿಯಂಗಿಲ್ಲ.

ನರ್ಸ್: ಮಂಡಿ ನೋವಿನ ಮಾತ್ರೆ?

ಗೌಡರು: ಅದೂ ಇಲ್ಲ.

ನರ್ಸ್: ರಾತ್ರಿದು ಬಿ.ಪಿ. ಮಾತ್ರೆ ಎರಡೂ ಇವತ್ತು ಬೇಡ. ಡಾಕ್ಟರ್ ಬೇರೆ ಹೇಳೋ ತನಕ. ಈಗ ಮಗನಿಗೆ ಫೋನ್ ಕೊಡ್ತೀರಾ, ಅವರಿಗೂ ಹೇಳ್ಲಾ?

(ಗೌಡರು ಹೂಂ ಅಂದರೆ ಮಾತ್ರ ಮಗನಿಗೆ ಹೇಳಬೇಕು. ಮೊದಲೇ ಫೋನ್ ಎತ್ತಿದ್ದು ಹೆಂಡತಿಯಾಗಿದ್ದರೆ ರಿಪೋರ್ಟಿನ ಮಾತು ಬೇಡ: "ಅಮ್ಮ, ಆಸ್ಪತ್ರೆಯಿಂದ ಸಿಸ್ಟರ್. ಗೌಡ್ರ ಹತ್ರ ಈಗಲೇ ಮಾತಾಡ್ಬೇಕಿತ್ತು, ಫೋನ್ ಅವರ ಕೈಗೆ ಕೊಡ್ತೀರಾ, ನಾನು ಕಾಯ್ತೀನಿ." ಯಾರೂ ಎತ್ತದಿದ್ದರೆ ಐದೈದು ನಿಮಿಷಕ್ಕೆ ಮೂರು ಸಲ, ಆಮೇಲೆ ಓ.ಪಿ. ಚೀಟಿಯಲ್ಲಿರುವ ಎರಡನೇ ನಂಬರ್, ಅದೂ ಆಗದಿದ್ದರೆ ಡಾಕ್ಟರಿಗೆ ಹೇಳಿ. ನಂಬರ್ ಇರುವ ರಿಪೋರ್ಟನ್ನು ಸುಮ್ನೆ ವಾಟ್ಸಾಪಿಗೆ ಹಾಕಿ ಕೈತೊಳೆದುಕೊಳ್ಳುವುದು ಬೇಡವೇ ಬೇಡ. ಕೆಂಪಕ್ಷರ ನೋಡಿ ಅವರು ಊರೆಲ್ಲಾ ಕೇಳಿಕೊಂಡು ಬರುತ್ತಾರೆ, ಇಲ್ಲಾ ನೋಡುವುದೇ ಇಲ್ಲ.)

ನರ್ಸ್: ಈ ಡೆಸ್ಕಲ್ಲಿ ರಾತ್ರಿ 8ರವರೆಗೂ ನಾನೇ ಇರ್ತೀನಿ. ದಾರಿ ಗೊತ್ತಾಗದಿದ್ರೆ, ಬಸ್ಸು ಸಿಗದಿದ್ರೆ ಇದೇ ನಂಬರಿಗೆ ಮಾಡಿ. ಬಂದ ಮೇಲೆ ನಾನೇ ಬಂದು ಮಾತಾಡಿಸ್ತೀನಿ.

ಗೌಡರು: ಆಯ್ತು ತಾಯಿ, ಹೊರಟೆ.

ಅವರು ಫೋನ್ ಇಟ್ಟ ಮೇಲೆ ನಾವು ಇಡಬೇಕು. ತಕ್ಷಣ ರಿಜಿಸ್ಟರಿನಲ್ಲಿ ಹೀಗೆ ಬರೆಯಿರಿ:

3:20ಕ್ಕೆ ರೋಗಿಯ ಜೊತೆಯೇ ಮಾತಾಡಿದೆ, ವಯಸ್ಸು, ಊರು ಖಾತ್ರಿ ಆಯಿತು. ಪೊಟ್ಯಾಸಿಯಂ 6.1 ಎಂದು ತಿಳಿಸಿದೆ. ಎದೆ ನೋವು, ಉಸಿರಾಟದ ತೊಂದರೆ, ಸುಸ್ತು ಇಲ್ಲ. ಒಂದು ವಾರದಿಂದ ಅಂಗಡಿಯ ನೋವಿನ ಮಾತ್ರೆ, ದಿನಕ್ಕೆ ಎರಡು ಎಳನೀರು. ರಾತ್ರಿಯ ಬಿ.ಪಿ. ಮಾತ್ರೆ ಎರಡೂ ನಿಲ್ಲಿಸಲು ಹೇಳಿದೆ. ಸೂಚನೆ ತಿರುಗಿ ಹೇಳಿದರು. ಮಗನ ಜೊತೆ 4:30ರ ಒಳಗೆ ಎಮರ್ಜೆನ್ಸಿಗೆ ಬರುತ್ತಾರೆ. ಡಯಾಲಿಸಿಸ್ ಬಗ್ಗೆ ಭಯ ಇದೆ, ಡಾಕ್ಟರ್ ಮಾತಾಡಬೇಕು. 4:45ಕ್ಕೆ ಬಂದಿರದಿದ್ದರೆ ಮತ್ತೆ ಫೋನ್.