ಕನ್ನಡ ರಾಜ್ಯೋತ್ಸವ ಸಂಜೆ: ಕಾರ್ಯಕ್ರಮದ ವೇಳಾಪಟ್ಟಿ (ವೇದಿಕೆ ತಂಡದ ಪ್ರತಿ)

ದಿನ: 2026 ನವೆಂಬರ್ 1, ಭಾನುವಾರ
ಸ್ಥಳ: ಬಡಾವಣೆಯ ಉದ್ಯಾನದ ಬಯಲು ರಂಗಮಂದಿರ, ಕುವೆಂಪುನಗರ, ಮೈಸೂರು
ವೇದಿಕೆ: 24 ಅಡಿ ಅಗಲ, 18 ಅಡಿ ಆಳ, ಮುಂದೊಂದು ಪರದೆ, ಎರಡೂ ಕಡೆ ಸೈಡ್‌ವಿಂಗ್
ನಿರೂಪಣೆ: ಸುಮಾ (1–7), ಪ್ರಸನ್ನ (8–14)
ವೇದಿಕೆ ಉಸ್ತುವಾರಿ: ರಮೇಶ್ | ಧ್ವನಿ: ಇಮ್ರಾನ್ | ಬೆಳಕು: ಜೋಸೆಫ್ | ಮಕ್ಕಳ ಹೊಣೆ: ವಸಂತಾ, ಗೀತಾ

ಈ ಪ್ರತಿ ವೇದಿಕೆ, ಧ್ವನಿ, ಬೆಳಕು ಮತ್ತು ನಿರೂಪಣೆಯವರಿಗೆ ಮಾತ್ರ. ಪ್ರೇಕ್ಷಕರಿಗೆ ಹಂಚುವ ಕರಪತ್ರದಲ್ಲಿ ಗಂಟೆ, ನಿಮಿಷ ಹಾಕಿಲ್ಲ. ಸಂಜೆ 5:30ಕ್ಕೆ ಶುರು ಎಂದಷ್ಟೇ ಇದೆ. ಎಡ, ಬಲ ಎಂದರೆ ಪ್ರೇಕ್ಷಕರತ್ತ ಮುಖ ಮಾಡಿ ನಿಂತ ಕಲಾವಿದರ ಎಡ, ಬಲ. ಗಡಿಯಾರ ಒಂದೇ: ಧ್ವನಿ ಮೇಜಿನ ಮೇಲಿರುವುದು.

ಮಧ್ಯಾಹ್ನದ ಸಿದ್ಧತೆ

| ಸಮಯ | ಕೆಲಸ | ಯಾರು |
|:---|:---|:---|
| 2:00 | ವೇದಿಕೆ ಗುಡಿಸಿ ಒದ್ದೆ ಬಟ್ಟೆಯಲ್ಲಿ ಒರೆಸುವುದು. ಮೊಳೆ, ಪಿನ್ನು, ಗಾಜಿನ ಚೂರಿಗೆ ಕೈಯಾಡಿಸಿ ನೋಡುವುದು | ರಮೇಶ್ ಮತ್ತು ಇಬ್ಬರು |
| 2:30 | ಸ್ಪೀಕರ್, ಮೈಕ್, ಜನರೇಟರ್ ಜೋಡಣೆ | ಇಮ್ರಾನ್ |
| 3:15 | ಧ್ವನಿ ಪರೀಕ್ಷೆ, ಕೊನೆಯ ಕಾರ್ಯಕ್ರಮದಿಂದ ಹಿಂದಕ್ಕೆ: 13, 11, 10, 9, 8, 2 | ಆಯಾ ತಂಡದವರು |
| 3:30 | ಮಳೆಯ ತೀರ್ಮಾನ | ರಮೇಶ್ |
| 4:45 | ಮಕ್ಕಳು ಅಲಂಕಾರ ಮುಗಿಸಿ ಬಂದು ಸೇರುವುದು | ವಸಂತಾ, ಗೀತಾ |
| 5:00 | ಡೊಳ್ಳಿನ ಹಗ್ಗ ಬಿಗಿಯುವುದು, ದೀಪಕ್ಕೆ ಎಣ್ಣೆ, ಬತ್ತಿ | ಡೊಳ್ಳು ತಂಡ, ಗೀತಾ |
| 5:45 | ವೇದಿಕೆ ದೀಪ ಹಾಕುವುದು. ಚೌಕಿಯಲ್ಲಿ ಯಕ್ಷಗಾನದ ಬಣ್ಣ ಶುರು | ಜೋಸೆಫ್, ಯಕ್ಷಗಾನ ತಂಡ |

ಧ್ವನಿ ಪರೀಕ್ಷೆಯನ್ನು ಹಿಂದುಮುಂದಾಗಿ ಮಾಡುವುದಕ್ಕೆ ಕಾರಣವಿದೆ. ಕೊನೆಗೆ ಪರೀಕ್ಷಿಸಿದ ಮೈಕುಗಳು ಹೇಗಿವೆಯೋ ಹಾಗೇ ಉಳಿಯುತ್ತವೆ, ಕಾರ್ಯಕ್ರಮ ಶುರುವಾಗುವುದೂ ಅವುಗಳಿಂದಲೇ. ಮುಂದಿನಿಂದ ಪರೀಕ್ಷಿಸುತ್ತಾ ಹೋದರೆ 5:20ಕ್ಕೆ ಎಲ್ಲವನ್ನೂ ಮತ್ತೆ ಜೋಡಿಸಬೇಕಾಗುತ್ತದೆ. ಪ್ರತಿ ತಂಡದ ಮೈಕ್ ಸ್ಟ್ಯಾಂಡ್ ನಿಲ್ಲುವ ಜಾಗಕ್ಕೆ ಬಣ್ಣದ ಟೇಪ್ ಅಂಟಿಸಿ, ಟೇಪಿನ ಮೇಲೆ ಕ್ರಮಸಂಖ್ಯೆ ಬರೆಯಬೇಕು.

ಸಂಜೆಯ ಕಾರ್ಯಕ್ರಮ

ನಾಲ್ಕನೇ ಕಾಲಂನಲ್ಲಿ ಮೊದಲ ಅಂಕೆ ಪ್ರದರ್ಶನದ ನಿಮಿಷ, ಎರಡನೆಯದು ಅದು ಮುಗಿದ ಮೇಲೆ ವೇದಿಕೆ ಬದಲಿಸಲು ಸಿಗುವ ನಿಮಿಷ.

| ಕ್ರ.ಸಂ. | ಶುರು | ಮುಕ್ತಾಯ | ನಿಮಿಷ | ಕಾರ್ಯಕ್ರಮ | ಕಲಾವಿದರು | ಧ್ವನಿ |
|---:|:---:|:---:|:---:|:---|:---|:---|
| 1 | 5:30 | 5:42 | 10 + 2 | ಡೊಳ್ಳು ಕುಣಿತ, ಗೇಟಿನಿಂದ ವೇದಿಕೆವರೆಗೆ | ಯುವಕರ ತಂಡ, 10 ಮಂದಿ | ಮೈಕ್ ಬೇಡ |
| 2 | 5:42 | 5:46 | 3 + 1 | ನಾಡಗೀತೆ | ಮಹಿಳಾ ಗಾಯನ ತಂಡ, 6 ಮಂದಿ. ಹಾರ್ಮೋನಿಯಂ ಶ್ರೀಧರ | ಸ್ಟ್ಯಾಂಡ್ 3 |
| 3 | 5:46 | 5:54 | 7 + 1 | ದೀಪ ಬೆಳಗುವುದು, ಸ್ವಾಗತ | ಅತಿಥಿಗಳು. ಸ್ವಾಗತ ಸಂಘದ ಕಾರ್ಯದರ್ಶಿ | ಕಾರ್ಡ್‌ಲೆಸ್ 1 |
| 4 | 5:54 | 6:02 | 5 + 3 | ಅಭಿನಯ ಗೀತೆ | 4–6 ವರ್ಷದ ಮಕ್ಕಳು, 14 ಮಂದಿ | ಟ್ರ್ಯಾಕ್ |
| 5 | 6:02 | 6:14 | 9 + 3 | ಕೋಲಾಟ | 9–13 ವರ್ಷದ ಮಕ್ಕಳು, 16 ಮಂದಿ | ಟ್ರ್ಯಾಕ್ |
| 6 | 6:14 | 6:32 | 15 + 3 | ಭರತನಾಟ್ಯ: ಪುಷ್ಪಾಂಜಲಿ, ತಿಲ್ಲಾನ | ಅನಘಾ, ಪ್ರಣತಿ ಮತ್ತು ನಾಲ್ವರು | ಟ್ರ್ಯಾಕ್ |
| 7 | 6:32 | 6:57 | 20 + 5 | ಸಭೆ: ಅತಿಥಿ ಭಾಷಣ, ಸನ್ಮಾನ, ಅಧ್ಯಕ್ಷರ ಮಾತು | ವೇದಿಕೆಯಲ್ಲಿ 6 ಕುರ್ಚಿ | ಸ್ಟ್ಯಾಂಡ್ 1, ಕಾರ್ಡ್‌ಲೆಸ್ 1 |
| 8 | 6:57 | 7:22 | 23 + 2 | ಸುಗಮ ಸಂಗೀತ, 4 ಗೀತೆ | ಗಾಯನ ರಾಘವೇಂದ್ರ, ಹಾರ್ಮೋನಿಯಂ ಶ್ರೀಧರ, ತಬಲಾ ಮಂಜುನಾಥ, ಕೊಳಲು ವಿನಯ್ | ಸ್ಟ್ಯಾಂಡ್ 5 |
| 9 | 7:22 | 7:34 | 9 + 3 | ಸೋಬಾನೆ ಪದ | ಹಿರಿಯ ಮಹಿಳೆಯರು, 8 ಮಂದಿ | ಸ್ಟ್ಯಾಂಡ್ 4 |
| 10 | 7:34 | 7:54 | 18 + 2 | ಕಂಸಾಳೆ | ಚಾಮರಾಜನಗರ ಕಡೆಯ ತಂಡ, 9 ಮಂದಿ | ಸ್ಟ್ಯಾಂಡ್ 2, ಬಲ ಮೂಲೆ |
| 11 | 7:54 | 8:12 | 15 + 3 | ಕಿರುನಾಟಕ: ಕೆರೆ ಒತ್ತುವರಿಯ ಕತೆ | ಬಡಾವಣೆಯ ಯುವಜನರು, 7 ಮಂದಿ | ತೂಗು ಮೈಕ್ 3, ಟ್ರ್ಯಾಕ್ |
| 12 | 8:12 | 8:20 | 8 + 0 | ವಂದನಾರ್ಪಣೆ, ಪರದೆಯ ಮುಂದೆ | ಸಂಘದ ಖಜಾಂಚಿ | ಕಾರ್ಡ್‌ಲೆಸ್ 1 |
| 13 | 8:20 | 9:15 | 55 + 0 | ಯಕ್ಷಗಾನ, ಬಡಗುತಿಟ್ಟು: ಚಕ್ರವ್ಯೂಹದಲ್ಲಿ ಅಭಿಮನ್ಯು | ಭಾಗವತಿಕೆ ಗಣಪತಿ, ಮದ್ದಳೆ ನರಸಿಂಹ, ಚೆಂಡೆ ಸುಬ್ರಾಯ, ಮುಮ್ಮೇಳ 3 | ಸ್ಟ್ಯಾಂಡ್ 2, ತೂಗು ಮೈಕ್ 3 |
| 14 | 9:15 | 9:17 | 2 + 0 | ರಾಷ್ಟ್ರಗೀತೆ | ಎಲ್ಲರೂ | ಕಾರ್ಡ್‌ಲೆಸ್ 2 |

9:17ಕ್ಕೆ ಊಟ. ರಾತ್ರಿ 10ರ ಮೇಲೆ ಧ್ವನಿವರ್ಧಕಕ್ಕೆ ಕಾನೂನಿನ ತಡೆಯಿದೆ. ಎಷ್ಟೇ ತಡವಾದರೂ 9:45ಕ್ಕೆ ಮೈಕ್ ಬಂದ್.

ಕ್ರಮವಾರು ಸೂಚನೆ

1, ಡೊಳ್ಳು. ಡೊಳ್ಳಿನ ಚರ್ಮ ತೇವ ಹೀರಿದರೆ ಸಡಿಲವಾಗಿ ನಾದ ಸಾಯುತ್ತದೆ. ಹುಲ್ಲಿನ ಮೇಲೆ ಇಡಕೂಡದು; ಗೇಟಿನ ಬಳಿ ಬಿಸಿಲು ಬೀಳುವ ಸಿಮೆಂಟಿನ ಮೇಲೆ ಚಾಪೆ ಹಾಸಿ ಇಡಬೇಕು. ತಂಡ ವೇದಿಕೆ ಹತ್ತುವುದಿಲ್ಲ, ಮುಂದಿನ ಅಂಗಳದಲ್ಲೇ ಸುತ್ತು ಕಟ್ಟಿ ಮುಗಿಸುತ್ತದೆ. ಅತಿಥಿಗಳು ಬರುವುದು ತಡವಾದರೂ 5:30ಕ್ಕೆ ಡೊಳ್ಳು ಬಾರಿಸಿಯೇ ಶುರು. ಬಡಾವಣೆಯ ಜನ ಮನೆಯಿಂದ ಹೊರಡುವುದು ಆ ಸದ್ದು ಕೇಳಿದ ಮೇಲೆಯೇ.

2, ನಾಡಗೀತೆ. 2022ರ ಸರ್ಕಾರಿ ಆದೇಶದಂತೆ ಮೈಸೂರು ಅನಂತಸ್ವಾಮಿಯವರ ಧಾಟಿಯಲ್ಲಿ, 2 ನಿಮಿಷ 30 ಸೆಕೆಂಡಿನಲ್ಲಿ. ಉಳಿದ ಅರ್ಧ ನಿಮಿಷ ಜನ ಎದ್ದು ನಿಲ್ಲಲು. ಸುಮಾ "ಎಲ್ಲರೂ ಎದ್ದು ನಿಲ್ಲಬೇಕೆಂದು ವಿನಂತಿ" ಎಂದು ಹೇಳಿ ಮುಗಿಸಿದ ಮೇಲೆಯೇ ಶ್ರೀಧರ ಶ್ರುತಿ ಹಿಡಿಯಬೇಕು.

3, ದೀಪ. ಬಯಲಿನಲ್ಲಿ ಗಾಳಿ ಬಿಡುವುದಿಲ್ಲ. ಐದೂ ಬತ್ತಿಯನ್ನು ಅರ್ಧ ಗಂಟೆ ಮೊದಲೇ ಎಣ್ಣೆಯಲ್ಲಿ ನೆನೆಸಿ, ತುದಿಗೆ ಕರ್ಪೂರದ ಪುಡಿ ಸವರಿರಬೇಕು. ಹಚ್ಚಿದ ಕೂಡಲೇ ದೀಪವನ್ನು ವೇದಿಕೆಯಿಂದ ಕೆಳಗಿಳಿಸಿ ಎಡಗಡೆಯ ಕಟ್ಟೆಯ ಮೇಲಿಡಬೇಕು. ವೇದಿಕೆಯಲ್ಲೇ ಉಳಿದರೆ ಮಕ್ಕಳ ಲಂಗ, ನರ್ತಕಿಯರ ಸೀರೆಯ ನೆರಿಗೆ ಅದರ ಪಕ್ಕದಲ್ಲೇ ಹಾಯುತ್ತದೆ. ಇದನ್ನು ಗೀತಾ ಅವರೇ ಖುದ್ದಾಗಿ ಮಾಡಬೇಕು, ಬೇರೆಯವರಿಗೆ ಒಪ್ಪಿಸುವ ಹಾಗಿಲ್ಲ.

4 ಮತ್ತು 5, ಮಕ್ಕಳು. ಚಿಕ್ಕವರನ್ನು ಮೊದಲಿಗಿಟ್ಟಿರುವುದು ಹಸಿವು, ನಿದ್ದೆಯ ಕಾರಣಕ್ಕೆ. ವೇದಿಕೆಯಿಂದ ಇಳಿದ 14 ಮಂದಿಗೂ ಪಕ್ಕದ ಕೊಠಡಿಯಲ್ಲಿ 6:20ಕ್ಕೆ ಊಟ. ಪೋಷಕರು ಮಕ್ಕಳನ್ನು ಅಲ್ಲಿಂದಲೇ ಕರೆದುಕೊಂಡು ಹೋಗಬೇಕು, ಸೈಡ್‌ವಿಂಗ್‌ಗೆ ಬರಬಾರದು. ಕೋಲಾಟದವರು ಎಡದಿಂದ ಹತ್ತಿ ಬಲಕ್ಕೆ ಇಳಿಯುತ್ತಾರೆ. ಕೋಲು ಕೈಜಾರಿದರೆ ಮಗು ಬಗ್ಗಿ ಎತ್ತಬಾರದು, ಬರಿಗೈಯಲ್ಲೇ ಹೆಜ್ಜೆ ಮುಂದುವರಿಸಬೇಕು. ಬಗ್ಗಿದ ಮಗುವಿನ ತಲೆಗೆ ಪಕ್ಕದವರ ಕೋಲು ತಗಲುತ್ತದೆ. ಎರಡು ಜೊತೆ ಹೆಚ್ಚುವರಿ ಕೋಲು ವಸಂತಾ ಬಳಿ ಇರುತ್ತವೆ.

6, ಭರತನಾಟ್ಯ. ಬರಿಯ ಮರದ ನೆಲದ ಮೇಲೆ. ಜಮಖಾನ ಹಾಸಿದರೆ ಗೆಜ್ಜೆ, ತಟ್ಟಡವಿನ ಸದ್ದು ಅಡಗಿಬಿಡುತ್ತದೆ, ಮಡಿಕೆಗೆ ಕಾಲೂ ಸಿಕ್ಕುತ್ತದೆ. ಪುಷ್ಪಾಂಜಲಿಯ ಹೂವನ್ನು ತಿಲ್ಲಾನಕ್ಕೆ ಮುನ್ನ ಗುಡಿಸಬೇಕು. ಬಿಡಿ ದಳ ತುಳಿದರೆ ಜಾರುವುದು ಖಂಡಿತ. ಉದ್ದ ಹಿಡಿಯ ಪೊರಕೆ ಎಡ ವಿಂಗಿನಲ್ಲಿದೆ.

7, ಸಭೆ. ಅತಿಥಿಗಳ ಮಾತಿಗೆ 6 ನಿಮಿಷ, ಮೂವರ ಸನ್ಮಾನಕ್ಕೆ ತಲಾ 3, ಅಧ್ಯಕ್ಷರಿಗೆ 5. ಇಡೀ ಸಂಜೆ ತಡವಾಗುವುದು ಬಹುಪಾಲು ಇಲ್ಲೇ. ಶಾಲು, ಪೇಟ, ಹಾರ, ಹಣ್ಣಿನ ಬುಟ್ಟಿ, ಫಲಕ ಈ ಐದನ್ನೂ ಒಬ್ಬೊಬ್ಬರಿಗೆ ಒಂದೊಂದು ತಟ್ಟೆಯಂತೆ ಮೂರು ತಟ್ಟೆಯಲ್ಲಿ ಜೋಡಿಸಿ, ಹೆಸರಿನ ಚೀಟಿ ಅಂಟಿಸಿ, 6:25ಕ್ಕೆ ಬಲ ವಿಂಗಿನಲ್ಲಿ ಇಡಬೇಕು. ಸನ್ಮಾನ ಪತ್ರವನ್ನು ಪೂರ್ತಿ ಓದುವುದಿಲ್ಲ. ಸುಮಾ ನಾಲ್ಕೇ ಸಾಲಿನಲ್ಲಿ ಪರಿಚಯ ಹೇಳುತ್ತಾರೆ. ಫೋಟೊ ಒಬ್ಬರಿಗೆ ಒಂದೇ ಸಲ. ಭಾಷಣ 5 ನಿಮಿಷ ದಾಟಿದಾಗ ಪ್ರಸನ್ನ ಎದುರಿನ ಮೊದಲ ಸಾಲಿನಲ್ಲಿ ಹಳದಿ ಚೀಟಿ ಎತ್ತಿ ತೋರಿಸುತ್ತಾರೆ. ಈ ವಿಷಯ ಅತಿಥಿಗಳಿಗೆ ಆಹ್ವಾನ ಕೊಡುವಾಗಲೇ ಗೌರವದಿಂದ ತಿಳಿಸಲಾಗಿದೆ. ಇದೇ ಹೊತ್ತಿನಲ್ಲಿ ಇಮ್ರಾನ್ ಉಳಿದ ಕಾರ್ಡ್‌ಲೆಸ್ ಮೈಕುಗಳ ಬ್ಯಾಟರಿ ಬದಲಿಸಬೇಕು. ಸಭೆಗೆ ಕೊಟ್ಟಿರುವುದನ್ನು ಸಭೆ ಮುಗಿದ ಮೇಲೆ.

8 ಮತ್ತು 9. ಜಮಖಾನ ಈ ಎರಡಕ್ಕೆ ಮಾತ್ರ. ತಬಲಾಕ್ಕೆ ಎರಡು ಮೈಕ್, ಗಾಯನ, ಹಾರ್ಮೋನಿಯಂ, ಕೊಳಲಿಗೆ ಒಂದೊಂದು. ಶ್ರುತಿ ಕಪ್ಪು 1. ಮಂಜುನಾಥ ತಬಲಾವನ್ನು ವೇದಿಕೆಯ ಹಿಂದೆಯೇ ಶ್ರುತಿಗೆ ಕೂರಿಸಿಕೊಂಡು ಬರಬೇಕು; ಸಂಜೆಯ ತಂಪಿಗೆ ಇಳಿದಷ್ಟನ್ನು ಮಾತ್ರ ವೇದಿಕೆಯಲ್ಲಿ ಸರಿಪಡಿಸಿಕೊಳ್ಳಬಹುದು. ಸೋಬಾನೆಯವರು ಇಬ್ಬರಿಗೊಂದು ಮೈಕಿನಂತೆ ಅರ್ಧಚಂದ್ರಾಕಾರದಲ್ಲಿ ಕೂರುತ್ತಾರೆ. ಇಬ್ಬರಿಗೆ ಮಂಡಿನೋವಿದೆ, ಅವರಿಗೆ ಹಿಂದಿನ ಸಾಲಿನಲ್ಲಿ ಕುರ್ಚಿ.

10, ಕಂಸಾಳೆ. ಜಮಖಾನ ಸುತ್ತಿ ತೆಗೆದ ಮೇಲೆಯೇ ಪ್ರವೇಶ. ಕಂಚಿನ ತಾಳ ದಾರದ ತುದಿಯಲ್ಲಿ ಬೀಸಿ ಬರುವುದರಿಂದ ಮೈಕ್ ಸ್ಟ್ಯಾಂಡ್ ಎರಡೂ ಬಲ ಮೂಲೆಯಲ್ಲೇ ಇರಬೇಕು, ಮುಖ್ಯ ಗಾಯಕರೂ ಅಲ್ಲೇ ನಿಲ್ಲುತ್ತಾರೆ. ವೇದಿಕೆಯಿಂದ ಮೊದಲ ಸಾಲಿಗೆ 6 ಅಡಿ ಜಾಗ ಬಿಡಬೇಕು. ಅಲ್ಲಿ ಬಂದು ಕೂರುವ ಮಕ್ಕಳನ್ನು 7:30ಕ್ಕೇ ಎಬ್ಬಿಸಬೇಕು. ತಾಳದ ಸದ್ದು ಮೈಕಿಗೆ ಸೇರಿದರೆ ಕಿವಿ ಸೀಳುವಂತಿರುತ್ತದೆ, ಆದ್ದರಿಂದ ತೂಗು ಮೈಕ್ ಮೂರೂ ಆಫ್.

13, ಯಕ್ಷಗಾನ. ಬಣ್ಣ, ವೇಷ ಸೇರಿ ಎರಡು ಗಂಟೆಗೂ ಮಿಕ್ಕಿದ ಕೆಲಸ. ಅಭಿಮನ್ಯುವಿನ ಕೇದಗೆ ಮುಂದಲೆ, ಕೌರವನ ಕಿರೀಟ ಕಟ್ಟುವುದು ಕೊನೆಗೆ, 7:55ಕ್ಕೆ. ಬಿಗಿದು ಕಟ್ಟಿದ ಮೇಲೆ ಹೆಚ್ಚು ಹೊತ್ತು ಕಾಯಿಸಿದರೆ ತಲೆನೋವು ತಡೆಯಲಾಗದು. ಆದ್ದರಿಂದ ಕಾರ್ಯಕ್ರಮ ಎಷ್ಟು ನಿಮಿಷ ತಡವಾಗಿದೆ ಎಂಬುದನ್ನು ರಮೇಶ್ 7:40ಕ್ಕೆ ಚೌಕಿಗೆ ಹೋಗಿ ಹೇಳಲೇಬೇಕು. ವಂದನಾರ್ಪಣೆ ನಡೆಯುವಾಗ ಪರದೆಯ ಹಿಂದೆ ಹಿಮ್ಮೇಳದ ಮಂಚ ಜೋಡಿಸುವುದು: ಅದಕ್ಕೆ ನಾಲ್ಕು ಜನ ಬೇಕು, ಶ್ರುತಿ ಪೆಟ್ಟಿಗೆಗೆ ಒಂದು ಪ್ಲಗ್ ಬೇಕು. ಚೆಂಡೆಗೆ ಮೈಕ್ ಬೇಡ. ಕೊಟ್ಟರೆ ಪದ್ಯ ಕೇಳಿಸುವುದಿಲ್ಲ. ಬಣ್ಣದ ದೀಪ ಬೇಡ, ಬಿಳಿ ಬೆಳಕು ಮಾತ್ರ: ಕೆಂಪು ಬೆಳಕಿನಲ್ಲಿ ಮುಖವರ್ಣಿಕೆಯ ಗೆರೆಗಳೆಲ್ಲ ಅಳಿಸಿದಂತೆ ಕಾಣುತ್ತವೆ.

14. ರಾಷ್ಟ್ರಗೀತೆ 52 ಸೆಕೆಂಡು. ವೇಷಧಾರಿಗಳು ವೇದಿಕೆಯಲ್ಲೇ ನಿಲ್ಲುತ್ತಾರೆ. ಅದಕ್ಕೆ ಮುನ್ನ ಊಟದ ಪ್ರಕಟಣೆ ಬೇಡ. ಮಾಡಿದರೆ ಅರ್ಧ ಜನ ಆಗಲೇ ಎದ್ದಿರುತ್ತಾರೆ.

ಟ್ರ್ಯಾಕ್‌ಗಳು (ಹೆಸರಿನ ಕೊನೆಯಲ್ಲಿ ನಿಮಿಷ, ಸೆಕೆಂಡು)

```
04_shishu_0430.mp3
05_kolata_0840.mp3
06a_pushpanjali_0510.mp3
06b_tillana_0905.mp3
11_nataka_1430.mp3
```

ಐದೂ ಲ್ಯಾಪ್‌ಟಾಪಿನಲ್ಲಿ, ಇನ್ನೊಂದು ಪ್ರತಿ ಪೆನ್‌ಡ್ರೈವ್‌ನಲ್ಲಿ. ಫೋನಿನಿಂದ, ಯೂಟ್ಯೂಬಿನಿಂದ ಹಾಕುವುದಿಲ್ಲ: ಕರೆ ಬಂದರೆ, ಜಾಹೀರಾತು ನುಗ್ಗಿದರೆ ಮಕ್ಕಳು ನಿಂತಲ್ಲೇ ನಿಂತುಬಿಡುತ್ತಾರೆ. ಶನಿವಾರ ಸಂಜೆ 6ರ ನಂತರ ತಂದ ಹೊಸ ಟ್ರ್ಯಾಕ್ ತೆಗೆದುಕೊಳ್ಳುವುದಿಲ್ಲ.

ತಡವಾದರೆ

| 6:57ಕ್ಕೆ ಎಷ್ಟು ತಡ | ಏನು ಬಿಡುವುದು | ಉಳಿಯುವುದು |
|:---|:---|---:|
| 5 ನಿಮಿಷದವರೆಗೆ | ನಿರೂಪಣೆ ಒಂದೊಂದು ವಾಕ್ಯಕ್ಕೆ ಇಳಿಸುವುದು | 5 ನಿ. |
| 10 ನಿಮಿಷ | ಸುಗಮ ಸಂಗೀತದಲ್ಲಿ 1 ಗೀತೆ ಕಡಿಮೆ; ನಿರೂಪಣೆಯೂ ಮೇಲಿನಂತೆ | 10 ನಿ. |
| 20 ನಿಮಿಷ | ಮೇಲಿನದರ ಜೊತೆಗೆ ಯಕ್ಷಗಾನ 45 ನಿಮಿಷಕ್ಕೆ | 20 ನಿ. |

ಯಕ್ಷಗಾನ ಮೊಟಕು ಮಾಡುವುದಿದ್ದರೆ ಭಾಗವತರಿಗೆ 7:40ಕ್ಕೇ ತಿಳಿಸಬೇಕು. ಯಾವ ಪದ್ಯ ಬಿಡಬೇಕೆಂದು ನಿರ್ಧರಿಸುವವರು ಅವರು. ರಂಗ ಏರಿದ ಮೇಲೆ ಚೀಟಿ ಕಳಿಸುವುದು ಕಲೆಗೂ ಕಲಾವಿದರಿಗೂ ಅಗೌರವ. ಮಕ್ಕಳ ಕಾರ್ಯಕ್ರಮವನ್ನು ಯಾವ ಕಾರಣಕ್ಕೂ ಕತ್ತರಿಸುವುದಿಲ್ಲ.

ಮಳೆ ಮತ್ತು ಕರೆಂಟ್. ಹಿಂಗಾರಿನ ದಿನಗಳು, ಸಂಜೆ ಮಳೆಯ ಸಾಧ್ಯತೆ ಇದ್ದೇ ಇದೆ. 3:30ಕ್ಕೆ ಮೋಡ ಕಟ್ಟಿದ್ದರೆ ಕಾರ್ಯಕ್ರಮ ಸಮುದಾಯ ಭವನಕ್ಕೆ. ಅಲ್ಲಿನ ವೇದಿಕೆ 18 ಅಡಿಗೆ 12 ಅಡಿ. ಆಗ ಕೋಲಾಟ, ಕಂಸಾಳೆ ವೇದಿಕೆಯ ಕೆಳಗೆ, ಮುಂದಿನ ಎರಡು ಸಾಲು ಕುರ್ಚಿ ತೆಗೆದು. ಡೊಳ್ಳು ಭವನದ ಪೋರ್ಟಿಕೋದಲ್ಲಿ. ಒಳಗೆ ಬಾರಿಸಿದರೆ ಪ್ರತಿಧ್ವನಿ ತಡೆಯಲಾಗದು. ವೇದಿಕೆ ದೀಪಕ್ಕೂ ಧ್ವನಿಗೂ ಬೇರೆ ಬೇರೆ ಲೈನ್ ಎಳೆಯಬೇಕು, ಒಂದೇ ಲೈನಿಗೆ ಕೊಟ್ಟರೆ ಸ್ಪೀಕರಿನಲ್ಲಿ ಗುಂಯ್‌ಗುಡುವ ಶಬ್ದ ಬರುತ್ತದೆ. ಕರೆಂಟ್ ಹೋದರೆ ಜನರೇಟರ್ ಹಿಡಿದುಕೊಳ್ಳುವವರೆಗೆ ನೃತ್ಯದವರು ನಿಂತಲ್ಲೇ ನಿಲ್ಲಬೇಕು, ಕತ್ತಲಲ್ಲಿ ವೇದಿಕೆಯ ಅಂಚಿನತ್ತ ಸರಿಯಬಾರದು. ಟ್ರ್ಯಾಕ್ ಮತ್ತೆ ಮೊದಲಿನಿಂದ. ಜನರೇಟರಿಗೆ 5 ಗಂಟೆಗೇ ಡೀಸೆಲ್ ತುಂಬಿ, ಹತ್ತು ನಿಮಿಷ ಓಡಿಸಿ ನೋಡಿರಬೇಕು.