ಮೊಟ್ಟೆ ಬೇಯುವಷ್ಟು ಹೊತ್ತು

ಗಂಜಿಯ ಲೋಟವನ್ನು ಅಪ್ಪ ಮೂರನೆಯ ಸಲವೂ ಕೈಯಿಂದ ಸರಿಸಿದಾಗ, ಇನ್ನು ಬಲವಂತ ಮಾಡಿ ಪ್ರಯೋಜನವಿಲ್ಲವೆಂದು ಚೇತನನಿಗೆ ತಿಳಿಯಿತು. ಬೆಳಗಿನ ಮಾತ್ರೆಯನ್ನು ಬರಿಹೊಟ್ಟೆಯಲ್ಲಿ ಕೊಡಬಾರದೆಂದು ಅಮ್ಮ ಗಾರ್ಮೆಂಟ್ಸ್ ಕೆಲಸಕ್ಕೆ ಹೊರಡುವಾಗ ಚಪ್ಪಲಿ ಮೆಟ್ಟಿಕೊಂಡೇ ಎರಡೆರಡು ಸಲ ಹೇಳಿ ಹೋಗಿದ್ದಳು. ಒಳಗೆ ಹೋದ ಮೇಲೆ ಅವಳ ಫೋನು ಊಟದ ಬಿಡುವಿನವರೆಗೂ ಲಾಕರಿನಲ್ಲಿರುತ್ತದೆ. ಏನಾದರೂ ಬೇಕಾದರೆ ಕೇಳಬಹುದಾಗಿದ್ದ ಪಕ್ಕದ ಮನೆಯ ಅಜ್ಜಿ, ಸಂಬಂಧಿಕರ ಸಾವಿಗೆಂದು ನಸುಕಿನಲ್ಲೇ ಚನ್ನಪಟ್ಟಣಕ್ಕೆ ಹೋಗಿದ್ದರು.

ಅಪ್ಪನಿಗೆ ಟೈಫಾಯಿಡ್ ಬಂದು ಹದಿನೈದು ದಿನ ದಾಟಿತ್ತು. ಜ್ವರ ಇಳಿದಿದ್ದರೂ ಗೋಡೆ ಹಿಡಿಯದೆ ಬಚ್ಚಲವರೆಗೆ ಹೋಗುವುದು ಆಗುತ್ತಿರಲಿಲ್ಲ. ಇನ್ನು ಮೆತ್ತಗಿನ ಅನ್ನ, ಬೇಯಿಸಿದ ಮೊಟ್ಟೆ ಕೊಡಬಹುದೆಂದು ಡಾಕ್ಟರು ಹಿಂದಿನ ದಿನವಷ್ಟೇ ಹೇಳಿದ್ದರಿಂದ ಅಮ್ಮ ಸಂಜೆ ಬರುವಾಗ ನಾಲ್ಕು ಮೊಟ್ಟೆಗಳನ್ನು ಕಾಗದದಲ್ಲಿ ಸುತ್ತಿಸಿಕೊಂಡು ತಂದು, ರಾಗಿಹಿಟ್ಟಿನ ಡಬ್ಬದ ಪಕ್ಕದಲ್ಲಿ ಇಟ್ಟಿದ್ದಳು. ರಾತ್ರಿ ಬಂದು ಬೇಯಿಸುತ್ತೇನೆ, ನೀನು ಮಾತ್ರ ಗ್ಯಾಸ್ ಮುಟ್ಟಬೇಡ ಎಂಬುದು ಅವಳ ಮತ್ತೊಂದು ಮಾತು.

"ಅಪ್ಪಾ, ಮೊಟ್ಟೆ ಬೇಯಿಸಿಕೊಟ್ರೆ ತಿಂತೀರಾ?"

ಅಪ್ಪ ಕಣ್ಣು ತೆರೆದು ಮಗನನ್ನು ಸ್ವಲ್ಪ ಹೊತ್ತು ನೋಡಿದರು. "ತಿಂತೀನಿ. ಆದ್ರೆ ನಾನು ಹೇಳಿದ ಹಾಗೇ ಮಾಡ್ಬೇಕು."

ಹನ್ನೊಂದು ವರ್ಷದ ಚೇತನನಿಗೆ ಮೊಟ್ಟೆ ಹೊಸದಲ್ಲ. ಶಾಲೆಯಲ್ಲಿ ಬಿಸಿಯೂಟದ ಜೊತೆ ಕೊಡುವ ಮೊಟ್ಟೆಯನ್ನು ತಟ್ಟೆಯ ಅಂಚಿಗೆ ಕುಟ್ಟಿ, ಸಿಪ್ಪೆ ಒಂದೇ ತುಂಡಾಗಿ ಬರುವಂತೆ ಸುಲಿಯುವುದರಲ್ಲಿ ಅವನ ತರಗತಿಯಲ್ಲಿ ಅವನನ್ನು ಮೀರಿಸಿದವರಿಲ್ಲ. ಆದರೆ ಅವನ ಕೈಗೆ ಬರುವ ಹೊತ್ತಿಗೆ ಅದು ಬೆಂದಿರುತ್ತಿತ್ತು. ಹಸಿ ಮೊಟ್ಟೆಯನ್ನು ಅಂಗೈಯಲ್ಲಿ ಹಿಡಿದಾಗ ಒಳಗೇನೋ ಮೆಲ್ಲನೆ ಹೊರಳಿದಂತಾಗಿ ಅವನು ಇನ್ನೊಂದು ಕೈಯನ್ನೂ ಅಡಿಗೆ ಒಡ್ಡಿದ. ಮೊಟ್ಟೆ ಬೇಯಿಸುವುದರಲ್ಲಿ ಏನಿದೆ ಎನ್ನುವವರು ತಾವು ಮೊದಲ ಸಲ ಬೇಯಿಸಿದ ದಿನವನ್ನು ಮರೆತಿರುತ್ತಾರೆ.

ಮನೆ ಒಂದೂವರೆ ಕೋಣೆಯದ್ದಾದ್ದರಿಂದ ಹಾಸಿಗೆಗೂ ಒಲೆಗೂ ನಡುವೆ ಇದ್ದದ್ದು ಒಂದು ಬಾಗಿಲು ಮಾತ್ರ. ಅಪ್ಪ ದಿಂಬಿಗೆ ಒರಗಿ ಕೂತು, ಒಂದೊಂದು ಮಾತಿಗೂ ಉಸಿರು ತೆಗೆದುಕೊಳ್ಳುತ್ತ ಹೇಳತೊಡಗಿದರು. ಮೊದಲು ಪಾತ್ರೆಗೆ ತಣ್ಣೀರು ಹಾಕಿ ಮೊಟ್ಟೆ ಬಿಡಬೇಕು. ಮುಳುಗಿ ಅಡ್ಡ ಮಲಗಿದರೆ ತಾಜಾ, ತೇಲಿದರೆ ಹಳೆಯದು, ಅದನ್ನು ತೆಗೆದಿಡಬೇಕು. ಮೂರೂ ಮುಳುಗಿದವು. ನಾಲ್ಕನೆಯದನ್ನು ಚೇತನ ಏಕೋ ಕಾಗದದಲ್ಲೇ ಉಳಿಸಿದ್ದ. ಮೊಟ್ಟೆಯ ಮೇಲೆ ಒಂದು ಬೆರಳಿನಷ್ಟು ನೀರು ನಿಲ್ಲಬೇಕು, ಒಂದು ಚಮಚ ಉಪ್ಪು ಬೀಳಬೇಕು. ಉಪ್ಪು ಏಕೆಂದು ಅವನು ಕೇಳಿದ್ದಕ್ಕೆ, ಸಿಪ್ಪೆ ಒಡೆದರೂ ಒಳಗಿನದು ಹೆಚ್ಚು ಹೊರಗೆ ಹರಿಯುವುದಿಲ್ಲ ಎಂದರು.

"ಈಗ ಸಿಲಿಂಡರ್ ಹತ್ರ ಬಗ್ಗಿ ವಾಸನೆ ನೋಡು. ಇಲ್ವಾ? ಹಾಗಾದ್ರೆ ರೆಗ್ಯುಲೇಟರ್ ತಿರುಗಿಸು. ಒಂದು ಕೈಲಿ ಲೈಟರ್ ಹಿಡ್ಕೊಂಡು ಒತ್ತುತ್ತಾ, ಇನ್ನೊಂದು ಕೈಲಿ ಒಲೆ ತಿರುಗಿಸು. ಮುಖ ಹಿಂದೆ ಇರ್ಲಿ."

ಲೈಟರು ಬರಿದೇ ಚಟಪಟ ಎಂದಿತು. ಚೇತನ ಬೆಚ್ಚಿ ಒಲೆಯನ್ನು ಆರಿಸಿದ. ಕೋಣೆಯಿಂದ ಅಪ್ಪ, "ಕಿಟಕಿ ತೆಗಿ, ಗಾಳಿಯಾಡ್ಲಿ, ಆಮೇಲೆ ಹಚ್ಚು, ಅವಸರ ಇಲ್ಲ" ಎಂದರು. ಎದ್ದು ಬರಲು ಮಂಚದಿಂದ ಕಾಲು ಇಳಿಸಿದ ಸದ್ದು ಚೇತನನಿಗೆ ಕೇಳಿಸಿತು. "ನೀವು ಬರ್ಬೇಡಿ ಅಪ್ಪಾ" ಎಂದು ಅವನು ಕೂಗಿದ; ಮುಂದಿನ ಸಲ ಉರಿ ಹತ್ತಿತು.

ಅಪ್ಪನ ದುಡಿಮೆಯೂ ಕುದಿನೀರಿನದ್ದೇ. ರಾಮನಗರದ ಗೂಡಿನ ಮಾರುಕಟ್ಟೆಯಿಂದ ಬರುವ ರೇಷ್ಮೆ ಗೂಡುಗಳನ್ನು ಬೇಯಿಸಿ ನೂಲು ಬಿಚ್ಚುವ ಘಟಕವೊಂದರಲ್ಲಿ ಅವರು ದುಡಿಯುತ್ತಿದ್ದರು. ಬಿಸಿನೀರಿನಲ್ಲಿ ಅದ್ದಿ ಅದ್ದಿ ಅವರ ಬೆರಳ ತುದಿಗಳು ಸದಾ ಬೆಳ್ಳಗೆ ನೆರಿಗೆಗಟ್ಟಿರುತ್ತಿದ್ದವು. ಈಗ ಇಷ್ಟು ದಿನ ಮಲಗಿದ್ದರಿಂದ ಮಾತ್ರ ಒಣಗಿ, ಸಿಪ್ಪೆಯೇಳುತ್ತಿದ್ದವು. ಗೂಡು ಬೇಯುವುದು ಸಾಲದೆ ಹೋದರೆ ಅಂಟು ಸಡಿಲವಾಗದೆ ಎಳೆ ಮತ್ತೆ ಮತ್ತೆ ತುಂಡಾಗುತ್ತದೆ. ಹೆಚ್ಚು ಬೆಂದರೆ ಎಳೆ ಮುದ್ದೆಮುದ್ದೆಯಾಗಿ ಬಂದು ನೂಲಾಗಬೇಕಾದದ್ದು ಕಸಕ್ಕೆ ಸೇರುತ್ತದೆ. ಆ ನಡುವಿನ ಹದವನ್ನು ಅಪ್ಪ ಗಡಿಯಾರ ನೋಡಿ ಹಿಡಿದವರಲ್ಲ. ನೀರಿನ ಬಣ್ಣ, ಸದ್ದು, ಆವಿಯ ವಾಸನೆ ಇವೇ ಅವರಿಗೆ ಸಾಕಾಗಿದ್ದವು.

ಚೇತನ ಒಲೆಯ ಮುಂದೆ ಅಲುಗಾಡದೆ ನಿಂತ. ಮೊದಲು ಪಾತ್ರೆಯ ತಳದಲ್ಲಿ ಸಾಸಿವೆಗಿಂತ ಚಿಕ್ಕ ಗುಳ್ಳೆಗಳು ಮೂಡಿ ಅಲ್ಲೇ ಅಂಟಿಕೊಂಡಿದ್ದವು. ಮೊಟ್ಟೆಯ ಮೈಮೇಲೂ ಅಂಥವೇ ಗುಳ್ಳೆಗಳು ಸಾಲುಗಟ್ಟಿ, ಒಂದೊಂದಾಗಿ ಕಳಚಿ ಮೇಲೇಳತೊಡಗಿದವು. ಆಮೇಲೆ ನೀರೆಲ್ಲ ಒಮ್ಮೆಗೇ ಮೊರೆಯಿತು. ಮೊಟ್ಟೆಗಳು ನಡುಗಿ, ಒಂದಕ್ಕೊಂದು ತಾಗಿ, ಪಾತ್ರೆಗೆ ಬಡಿಯತೊಡಗಿದವು.

"ಬಡ್ಕೊಳ್ತಾ ಇದೆ, ಉರಿ ಇಳಿಸು" ಎಂದು ಅಪ್ಪ ಒಳಗಿನಿಂದಲೇ ಹೇಳಿದರು. ಅಷ್ಟರಲ್ಲಿ ಒಂದು ಮೊಟ್ಟೆಯ ಪಕ್ಕೆಯಲ್ಲಿ ಸಣ್ಣ ಬಿರುಕು ಬಿಟ್ಟು, ಅದರಿಂದ ಬಿಳಿಯದೊಂದು ಹೊರಬಂದು ನೀರಿನಲ್ಲಿ ಉದ್ದಕ್ಕೆ ತೇಲಿತು.

"ಅಪ್ಪಾ, ಒಂದು ಒಡೀತು! ಎಳೆ ಬರ್ತಾ ಇದೆ!"

ಕೋಣೆಯಿಂದ ಕೆಮ್ಮು ಬೆರೆತ ನಗು ಕೇಳಿತು. ಆ ನಗುವನ್ನು ಮನೆಯಲ್ಲಿ ಕೇಳಿ ಎಷ್ಟೋ ದಿನಗಳಾಗಿದ್ದವು. "ಎಳೆ ಬಂದ್ರೆ ಬರ್ಲಿ ಬಿಡು, ರಾಟೆಗೆ ಹಾಕೋದಿಲ್ವಲ್ಲ. ಇನ್ನು ಹತ್ತು ನಿಮಿಷ. ಗಡಿಯಾರ ನೋಡ್ಕೋ. ನಿಂಗೆ ಸದ್ದಿನ ಹದ ಇನ್ನೂ ಗೊತ್ತಾಗೋದಿಲ್ಲ."

ಹತ್ತು ನಿಮಿಷವಾಗುತ್ತಲೇ ಅವನು ಒಲೆ ಆರಿಸಿದ. ಮಸಿಬಟ್ಟೆಯನ್ನು ಮಡಿಸಿ ಪಾತ್ರೆಯ ಅಂಚು ಹಿಡಿದು, ನೀರನ್ನು ತನ್ನ ಕಡೆಗಲ್ಲದೆ ಸಿಂಕಿನ ಕಡೆಗೆ ಬಾಗಿಸಿ ಚೆಲ್ಲಿದ. ಆವಿ ಮುಖಕ್ಕೆ ಹೊಡೆದಾಗ ಕಣ್ಣು ಮುಚ್ಚಿದನೇ ಹೊರತು ಕೈ ಸಡಿಲಿಸಲಿಲ್ಲ. ತಣ್ಣೀರು ಸುರಿದು ಮೊಟ್ಟೆಗಳು ಕೈಗೆ ಹಿಡಿಸುವಷ್ಟು ಆರುವವರೆಗೆ ಕಾದ. ಇನ್ನು ಮುಂದಿನದ್ದು ಅವನಿಗೆ ಗೊತ್ತಿದ್ದ ಕೆಲಸ. ಆದರೂ ಸಿಪ್ಪೆ ಶಾಲೆಯಲ್ಲಿ ಬರುವಂತೆ ಸಲೀಸಾಗಿ ಬರದೆ ಬಿಳಿಯನ್ನೂ ಚೂರು ಚೂರು ಕಿತ್ತುಕೊಂಡು ಬಂದಾಗ ಅವನ ಮುಖ ಸಣ್ಣಗಾಯಿತು. ತಾಜಾ ಮೊಟ್ಟೆ ಹಾಗೇ, ದಪ್ಪಗಿರುವ ತುದಿಯಿಂದ ಶುರುಮಾಡು, ಅಲ್ಲಿ ಒಳಗೆ ಗಾಳಿ ಇರುತ್ತದೆ ಎಂದು ಅಪ್ಪ ಹೇಳಿಕೊಟ್ಟ ಮೇಲೆ ಎರಡನೆಯದು ನುಣ್ಣಗೆ ಬಂತು.

ನುಣ್ಣಗಿರುವುದನ್ನು ಅಪ್ಪನ ತಟ್ಟೆಗಿಟ್ಟು, ಒಡೆದದ್ದನ್ನು ಅವನು ಮರೆಗೆ ಸರಿಸಲು ನೋಡಿದ. ಅಪ್ಪ ಕೈಚಾಚಿ ಒಡೆದದ್ದನ್ನೇ ತೆಗೆದುಕೊಂಡರು. ನಾಲ್ಕು ಚೂರು ಮಾಡಿ, ಉಪ್ಪು ಮುಟ್ಟಿಸಿ, ಒಂದೊಂದನ್ನೂ ಬಹಳ ಹೊತ್ತು ಅಗಿದು ನುಂಗಿದರು. ಚೇತನ ಅವರ ಗಂಟಲನ್ನೇ ನೋಡುತ್ತಿದ್ದ. ವಾಕರಿಕೆ ಬರಲಿಲ್ಲ. ಎರಡನೆಯದರಲ್ಲಿ ಅರ್ಧ ತಿಂದು ಸಾಕೆಂದರು. ಅವನು ಮಾತ್ರೆಯನ್ನೂ ನೀರನ್ನೂ ಕೊಟ್ಟ.

ಮಧ್ಯಾಹ್ನ ಒಂದು ಗಂಟೆಯ ಮೇಲೆ ಅಮ್ಮನ ಫೋನು ಬಂತು. ಹಿಂದೆ ಹತ್ತಾರು ಹೆಂಗಸರ ಮಾತು, ಟಿಫಿನ್ ಡಬ್ಬಗಳ ಸದ್ದು.

"ಗಂಜಿ ಕುಡಿದ್ರಾ?"

"ಇಲ್ಲ. ಒಂದೂವರೆ ಮೊಟ್ಟೆ ತಿಂದ್ರು, ಆಮೇಲೆ ಮಾತ್ರೆ ಕೊಟ್ಟೆ."

"ಮೊಟ್ಟೆನಾ? ಯಾರು ಬೇಯಿಸಿದ್ದು? ಅಜ್ಜಿ ಬಂದ್ರಾ?"

ಚೇತನ ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. "ನಾನೇ ಅಮ್ಮಾ. ಅಪ್ಪ ಹೇಳ್ಕೊಟ್ರು."

ಅಮ್ಮನ ದನಿ ಏರಿತು. ಗ್ಯಾಸ್ ಮುಟ್ಟಬೇಡ ಅಂದಿರಲಿಲ್ಲವೇ, ಕೈ ಸುಟ್ಟುಕೊಂಡಿಲ್ಲ ತಾನೇ, ರೆಗ್ಯುಲೇಟರ್ ಬಂದ್ ಮಾಡಿದ್ದೀಯಾ ಎಂದು ಒಂದರ ಮೇಲೊಂದು ಕೇಳಿದಳು. ಅವನು ಫೋನು ಹಿಡಿದುಕೊಂಡೇ ಒಲೆಯ ಬಳಿಗೆ ಹೋಗಿ ಬಗ್ಗಿ ನೋಡಿ, ಬಂದ್ ಮಾಡಿದ್ದೇನೆ ಎಂದ. ಅಷ್ಟರಲ್ಲಿ ಅಪ್ಪ ಫೋನು ಕೊಡುವಂತೆ ಸನ್ನೆ ಮಾಡಿದರು.

"ಬೈಬೇಡ ಕಣೇ. ಹದವಾಗಿ ಬೇಯಿಸಿದ್ದಾನೆ" ಎಂದರು. ಅತ್ತಲಿಂದ ಬಂದ ಮಾತನ್ನು ಕೇಳಿ ತಲೆಯಾಡಿಸಿ, ಮಗನ ಕಡೆಗೆ ತಿರುಗಿದರು. "ನೀನು ತಿಂದ್ಯಾ ಅಂತ ಕೇಳ್ತಾಳೆ."

ತಟ್ಟೆಯಲ್ಲಿ ಅರ್ಧ ಮೊಟ್ಟೆಯೂ ಸುಲಿಯದ ಒಂದು ಮೊಟ್ಟೆಯೂ ಇದ್ದವು. "ಆ ಅರ್ಧ ನಂಗೆ, ಇನ್ನೊಂದು ಅಮ್ಮಂಗೆ" ಎಂದು ಚೇತನ ಹೇಳಿದ. "ಕಾಗದದಲ್ಲಿ ಇನ್ನೂ ಒಂದು ಇದೆ, ನಾಳೆ ಬೆಳಿಗ್ಗೆ ನಿಮಗೆ ಬೇಯಿಸ್ತೀನಿ. ಉರಿ ಮೊದಲೇ ಇಳಿಸ್ತೀನಿ, ಅಪ್ಪಾ."